14 ತಿಂಗಳ ಬಾಡಿಗೆ ಬಾಕಿ

ಮಗು, ನಿನ್ನ ಸ್ಕಿಟ್‌ನ ಸೆಕ್ಯುರಿಟಿ ಗಾರ್ಡ್‌ಗಾಗಿ ನೀನು ಬರೆದ ಕ್ಯಾರೆಕ್ಟರ್ ಬೈಬಲ್ ಪೂರ್ತಿ ಓದಿದೆ. ಮೀಸೆ, ಶಿಳ್ಳೆ, ಟಾರ್ಚು, ಎಡಗಾಲು ಎಳೆದು ನಡೆಯುವ ರೀತಿ ಎಲ್ಲವೂ ಅದರಲ್ಲಿದೆ. ಖಾಯಂ ಡೈಲಾಗುಗಳೇ ಒಂದು ಪುಟ ಆಗಿವೆ. ಆದರೆ ಅವನಿಗೆ ಏನು ಬೇಕು, ಯಾರಿಂದ ಬೇಕು, ಯಾಕೆ ಸಿಗುತ್ತಿಲ್ಲ ಅನ್ನುವುದು ಎಲ್ಲೂ ಇಲ್ಲ. ಇದೇ ರೀತಿಯಲ್ಲಿ ಹೋದರೆ ಐದಾರು ಸ್ಕಿಟ್ ಆಗುವಷ್ಟರಲ್ಲಿ ನಿನ್ನ ಗಾರ್ಡ್ ಬರೀ ವೇಷವಾಗಿ ಉಳಿಯುತ್ತಾನೆ ಅನ್ನುವ ಭಯ ನನಗೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೂತು ನೋಡಲೇಬೇಕಾದ ಪಾತ್ರವೊಂದು ಮೆಕ್ಸಿಕೋದಲ್ಲಿದೆ. ಹೆಸರು ಎಲ್ ಚಾವೊ. ಬರೆದವರೂ ನಟಿಸಿದವರೂ ರೊಬೆರ್ತೊ ಗೋಮೆಸ್ ಬೊಲಾನ್ಯೊಸ್ ಒಬ್ಬರೇ. 1970ರ ದಶಕದ ಆರಂಭದಲ್ಲಿ ಅದು ಟಿವಿ ಕಾರ್ಯಕ್ರಮವೊಂದರ ಒಳಗಿನ ಸಣ್ಣ ಸ್ಕಿಟ್ ಆಗಿತ್ತು. ಆಮೇಲೆ ಅದೇ ಸ್ವತಂತ್ರ ಧಾರಾವಾಹಿಯಾಯಿತು. 1980ರ ನಂತರ ಮತ್ತೆ ಸ್ಕಿಟ್ ರೂಪಕ್ಕೇ ಮರಳಿ 1992ರವರೆಗೆ ನಡೆಯಿತು. ನಲವತ್ತು ದಾಟಿದ ಗಂಡಸು ಕಿವಿ ಮುಚ್ಚುವ ಟೋಪಿ, ಸಸ್ಪೆಂಡರ್ ಪಟ್ಟಿಯ ಚಡ್ಡಿ ಹಾಕಿಕೊಂಡು ಎಂಟು ವರ್ಷದ ಅನಾಥ ಹುಡುಗನಾಗುತ್ತಾನೆ. ಜಾಗ ಒಂದು ವಠಾರ. ನಮ್ಮ ಹಳೇ ಬೆಂಗಳೂರು, ಮೈಸೂರಿನ ವಠಾರ ಕಂಡವರಿಗೆ ಅಲ್ಲಿನ ಅಂಗಳ ಬೇರೆ ದೇಶದ್ದು ಅನ್ನಿಸುವುದೇ ಇಲ್ಲ.

ಇಪ್ಪತ್ತು ವರ್ಷ ಆ ಹುಡುಗನಲ್ಲಿ ಬದಲಾಗದೇ ಉಳಿದದ್ದು ಏನು ಅಂತ ಮೊದಲು ನೋಡು. ಅವನಿಗೆ ಸದಾ ಹಸಿವು, ಹ್ಯಾಮ್ ಸ್ಯಾಂಡ್‌ವಿಚ್ ಅಂದರೆ ಪ್ರಾಣ. ಅವನ ನಿಜವಾದ ಹೆಸರು ಯಾರಿಗೂ ಗೊತ್ತಾಗುವುದಿಲ್ಲ, ಹೇಳಲು ಹೊರಟಾಗಲೆಲ್ಲ ಯಾರೋ ಅಡ್ಡ ಬರುತ್ತಾರೆ. ಅಂಗಳದ ಪೀಪಾಯಿ ಅವನು ಮುನಿಸಿಕೊಂಡಾಗ ಅಡಗುವ ಜಾಗ, ವಾಸ ಮಾತ್ರ ಎಂಟನೇ ನಂಬರಿನ ಮನೆಯಲ್ಲಿ. ಆ ಮನೆಯನ್ನು ನಮಗೆ ಯಾವತ್ತೂ ತೋರಿಸುವುದಿಲ್ಲ. ಅಸಲಿಗೆ ಆ ಎಂಟು ಬಂದದ್ದು ಕಾರ್ಯಕ್ರಮ ಬರುತ್ತಿದ್ದ ಚಾನೆಲ್ 8ರಿಂದ. ಚಾನೆಲ್ ಬದಲಾದ ಮೇಲೆ ಮನೆಯ ನಂಬರ್ ಅನ್ನುವ ಕಾರಣವನ್ನು ಕಥೆಯೊಳಗೇ ಕಟ್ಟಿಕೊಟ್ಟರು. ಹೊರಗಿನ ಕಾರಣ ಬದಲಾದರೂ ಪಾತ್ರದ ಗುರುತು ಅಲುಗದಂತೆ ನೋಡಿಕೊಂಡರು. ಎಲ್ಲಕ್ಕಿಂತ ಮುಖ್ಯವಾಗಿ, ಆ ಹುಡುಗನಲ್ಲಿ ಕೇಡಿಲ್ಲ. ಎಡವಟ್ಟು ಮಾಡುತ್ತಾನೆ, ಜಗಳವಾಡುತ್ತಾನೆ, ಆದರೆ ಯಾರಿಗೂ ಕೆಟ್ಟದ್ದು ಬಯಸುವುದಿಲ್ಲ. ಒಂದು ಕಂತಿನಲ್ಲಿ ವಠಾರದವರೆಲ್ಲ ಸೇರಿ ಅವನ ಮೇಲೆ ಕಳ್ಳತನ ಹೊರಿಸುತ್ತಾರೆ, ಅವನು ಗಂಟು ಕಟ್ಟಿಕೊಂಡು ಹೊರಟುಬಿಡುತ್ತಾನೆ. ಮರಳಿ ಬಂದಾಗ ತಿಳಿಯುತ್ತದೆ, ಅವನು ದೇವರಲ್ಲಿ ಬೇಡಿಕೊಂಡದ್ದು ಕಳ್ಳ ಸಿಕ್ಕಿಬೀಳಲಿ ಅಂತಲ್ಲ, ಕಳ್ಳ ಒಳ್ಳೆಯವನಾಗಲಿ ಅಂತ. ಅಲ್ಲಿ ನಗುವಿಗೆ ಜಾಗವಿಲ್ಲ. ಆದರೂ ಪಾತ್ರ ಕೆಡಲಿಲ್ಲ, ಯಾಕೆಂದರೆ ಬದಲಾಗಬಾರದ್ದು ಬದಲಾಗಲಿಲ್ಲ.

ಬೈಬಲ್‌ನ ಮೊದಲ ಪುಟದಲ್ಲಿ ಇರಬೇಕಾದದ್ದು ಇದೇ. ದನಿ, ಡೈಲಾಗು, ತಮಾಷೆ ಎಲ್ಲ ಇದರಿಂದ ಹುಟ್ಟಬೇಕು.

ದನಿ ಅಂದರೆ ಗಂಟಲು ಚಿಕ್ಕದು ಮಾಡಿಕೊಂಡು ಮಾತಾಡುವುದಷ್ಟೇ ಅಂದುಕೊಳ್ಳಬೇಡ. ಎಲ್ ಚಾವೊ ಯಾರಿಗೂ ಕೇಡು ಬಯಸಿ ಮಾತಾಡುವುದಿಲ್ಲ. ಹೇಳಿದ ಮಾತನ್ನು ಅಕ್ಷರಶಃ ಹಿಡಿದುಕೊಳ್ಳುತ್ತಾನೆ, ಮೇಷ್ಟ್ರು ಸುತ್ತು ಬಳಸಿ ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟು ಪೇಚಿಗೆ ಸಿಲುಕುತ್ತಾನೆ. ನಿನ್ನ ಪಾತ್ರ ಯಾವುದನ್ನು ಎಂದೂ ಹೇಳುವುದಿಲ್ಲ ಅನ್ನುವುದನ್ನು ಬರೆದಿಟ್ಟುಕೊಂಡರೆ ದನಿಯ ಅರ್ಧ ಕೆಲಸ ಮುಗಿಯುತ್ತದೆ.

ಇನ್ನು ಅವನ ಖಾಯಂ ಡೈಲಾಗು. ನಮ್ಮ ಮಾತಿನಲ್ಲಿ ಹೇಳುವುದಾದರೆ, "ಬೇಕೂಂತ ಮಾಡ್ಲಿಲ್ಲ, ಬೇಕೂಂತ್ಲೇ ಆಗ್ಹೋಯ್ತು." ವಠಾರದ ಓನರ್ ಸೆನ್ಯೋರ್ ಬರ್ರೀಗಾ ಬಾಡಿಗೆ ವಸೂಲಿಗೆ ಬಾಗಿಲು ದಾಟುತ್ತಿದ್ದಂತೆ ಹುಡುಗ ಎಸೆದದ್ದೋ ಬೀಸಿದ್ದೋ ಏನೋ ಒಂದು ಅವರಿಗೇ ಬಡಿಯುತ್ತದೆ. ಆಗ ಈ ಮಾತು. ಪೆಟ್ಟು ಬಿದ್ದ ಮೇಲೆಯೇ ಹೇಳುತ್ತಾನೆ, ಮೊದಲು ಹೇಳುವುದಿಲ್ಲ. ಬೈಯುವ ಹಕ್ಕಿರುವ ದೊಡ್ಡವರ ಮುಂದೆ ಹೇಳಿದಾಗ ಅದಕ್ಕೆ ಕಳೆ ಬರುತ್ತದೆ. ಸಿಕ್ಕಿಬಿದ್ದ ಮಗುವಿನ ಇಡೀ ಅವಸ್ಥೆ ಆ ಒಂದು ಮಾತಿನಲ್ಲಿದೆ. ನಿನ್ನ ಗಾರ್ಡ್ "ರೂಲ್ಸ್ ಅಂದ್ರೆ ರೂಲ್ಸ್" ಅನ್ನುವುದು ಪ್ರತಿ ಎಂಟ್ರಿಗೆ, ಚಪ್ಪಾಳೆಗೆ ಒಂದು ಕ್ಷಣ ನಿಂತು. ಆ ಮಾತನ್ನು ಸೊಸೈಟಿ ಸೆಕ್ರೆಟರಿಯ ಬಾಯಿಗೆ ಹಾಕಿ ನೋಡು. ಅಲ್ಲೂ ಹೊಂದುತ್ತದೆ ಅಂದಮೇಲೆ ಅದು ಗಾರ್ಡ್‌ನ ಮಾತಲ್ಲ.

ಮರುಕಳಿಸುವ ತಮಾಷೆಯನ್ನು ಬರೆಯುವ ರೀತಿಯನ್ನು ವಠಾರದ ಬಾಡಿಗೆದಾರ ದೊನ್ ರಮೋನ್‌ಗೆ ಬೀಳುವ ಕೆನ್ನೆಯೇಟಿನಿಂದ ಕಲಿ. ಕೀಕೊ ಅನ್ನುವ ಹುಡುಗ ಅಳುತ್ತಾ ಅಮ್ಮನನ್ನು ಕರೆಯುತ್ತಾನೆ. ತಲೆಗೆ ಕರ್ಲರ್ ಸುತ್ತಿಕೊಂಡ ದೊನ್ಯಾ ಫ್ಲೊರಿಂದಾ ಬಂದವರೇ ವಿಚಾರಿಸದೆ ದೊನ್ ರಮೋನ್‌ನ ಕೆನ್ನೆಗೆ ಬಾರಿಸುತ್ತಾರೆ. ಇಂಥ ಕೀಳು ಜನರ ಸಹವಾಸ ಬೇಡ ಅಂತ ಮಗನನ್ನು ಕರೆದೊಯ್ಯುತ್ತಾ, ಆಗ ದೊನ್ ರಮೋನ್ ಮಾಡುತ್ತಿದ್ದ ಕೆಲಸದ ಹೆಸರು ಹೇಳಿ, ಇನ್ನೊಂದು ಸಲ ಅದನ್ನು ನಿಮ್ಮ ಅಜ್ಜಿಗೆ ಹೋಗಿ ಮಾಡಿ ಅನ್ನುತ್ತಾರೆ. ದೊನ್ ರಮೋನ್ ಟೋಪಿ ಕಿತ್ತು ನೆಲಕ್ಕೆ ಬಡಿಯುತ್ತಾನೆ. ಆಗ ಎಲ್ ಚಾವೊ ನಿಜವಾದ ಕುತೂಹಲದಿಂದ ಕೇಳುತ್ತಾನೆ, ನಿಮ್ಮ ಅಜ್ಜಿಗೂ ಅದೇ ಅಭ್ಯಾಸವಿತ್ತಾ ಅಂತ. ತಲೆಗೆ ಕುಟ್ಟು ಬೀಳುತ್ತದೆ, ಹುಡುಗ ಪೀ ಪೀ ಅಂತ ಅಳುತ್ತಾ ಪೀಪಾಯಿ ಸೇರುತ್ತಾನೆ. ಈ ಸರಪಳಿಯ ಕ್ರಮ ಸಾಮಾನ್ಯವಾಗಿ ಕದಲುವುದಿಲ್ಲ. ಖಾಲಿ ಬಿಟ್ಟಿರುವುದು ಎರಡೇ ಜಾಗ: ಕೀಕೊ ಅಳಲು ಕಾರಣ, ಅಜ್ಜಿಯ ಬಗ್ಗೆ ಕೇಳುವ ಪ್ರಶ್ನೆ. ಏಟು ಬೀಳುವುದು ನೋಡುವವರಿಗೆ ಗೊತ್ತು, ಈ ಸಲ ಯಾವ ದಾರಿಯಲ್ಲಿ ಬಂದು ಬೀಳುತ್ತದೆ ಅನ್ನುವುದಕ್ಕೆ ಅವರು ಕಾಯುತ್ತಾರೆ. ನಿನ್ನ ಬೈಬಲ್‌ನಲ್ಲೂ ಪ್ರತಿ ತಮಾಷೆಯ ಎದುರು ಗಟ್ಟಿಯಾದದ್ದು ಏನು, ಖಾಲಿ ಜಾಗ ಯಾವುದು ಅಂತ ಬೇರೆ ಬೇರೆಯಾಗಿ ಬರೆ.

ದೊನ್ ರಮೋನ್‌ನ ಬಾಡಿಗೆ ಬಾಕಿಯೂ ಹಾಗೇ. ಯಾವಾಗ ನೋಡಿದರೂ 14 ತಿಂಗಳು. ಅದು ಹದಿನೈದಾದರೆ ಕಥೆ ಮುಂದೆ ಸರಿಯಬೇಕಾಗುತ್ತದೆ, ಓನರ್ ಕೋರ್ಟಿಗೆ ಹೋಗಬೇಕಾಗುತ್ತದೆ. ಅಲ್ಲೇ ನಿಂತಿರುವುದರಿಂದ ಗದರಿದರೂ ಮನೆ ಖಾಲಿ ಮಾಡಿಸಲು ಮನಸ್ಸು ಬಾರದ ಬರ್ರೀಗಾ ನಮಗೆ ಕಾಣುತ್ತಾರೆ. ನನಗೆ ಆ ಇಡೀ ಧಾರಾವಾಹಿಯಲ್ಲಿ ಅತ್ಯಂತ ಪ್ರಿಯವಾದ ಅಂಕಿ ಅದು.

ಈಗ ನಿನ್ನ ಗಾರ್ಡ್‌ಗೆ ಬರೋಣ. ಇನ್ನೂರು ಮನೆಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬರಾದರೂ "ಊಟ ಆಯ್ತಾ?" ಅಂತ ಕೇಳಲಿ ಅನ್ನುವುದು ಅವನ ಆಸೆ ಅಂತ ಇಟ್ಟುಕೊಂಡು ನೋಡು. ಯಾರೂ ಕೇಳುವುದಿಲ್ಲ, ಅವನೂ ಬಾಯಿಬಿಟ್ಟು ಹೇಳುವುದಿಲ್ಲ. ಇದು ಬದಲಾಗಬಾರದ್ದು. ಆಗ "ರೂಲ್ಸ್ ಅಂದ್ರೆ ರೂಲ್ಸ್" ಅನ್ನುವುದನ್ನು ಅವನು ತಾನೇ ರೂಲ್ಸ್ ಮುರಿಯುವ ಹೊತ್ತಿಗೆ ಮಾತ್ರ ಹೇಳಲಿ. ಮಳೆಯಲ್ಲಿ ನೆನೆದು ಬಂದ ಡೆಲಿವರಿ ಹುಡುಗನನ್ನು ನಿವಾಸಿಗಳ ಲಿಫ್ಟಿನೊಳಗೆ ನೂಕುತ್ತಾ, ಅತ್ತಿತ್ತ ನೋಡುತ್ತಾ ಹೇಳಲಿ. ಸೆಕ್ರೆಟರಿಯ ಕಾರನ್ನು ದಿನಾ ನಿಲ್ಲಿಸಿ ರಿಜಿಸ್ಟರ್ ಬರೆಸುವುದು ಗಟ್ಟಿಯಾದ ಭಾಗ. "ಭೇಟಿಯ ಉದ್ದೇಶ" ಅನ್ನುವ ಕಾಲಂ ಖಾಲಿ ಜಾಗ. ಅಲ್ಲಿ ದಿನಕ್ಕೊಂದು ಉತ್ತರ ಬರಲಿ.

ಕಡೆಯದಾಗಿ, ನಟರು ಬಿಟ್ಟು ಹೋಗುವ ಸಂಗತಿ. ನಿನ್ನ ತಂಡದಲ್ಲೂ ಒಬ್ಬ ಹುಡುಗ ಸಿನಿಮಾ ಆಫರ್ ಬಂದಿದೆ ಅನ್ನುತ್ತಿದ್ದಾನಂತೆ. ಎಲ್ ಚಾವೊದಲ್ಲಿ ಕೀಕೊ ಆಗಿದ್ದ ನಟ 1978ರಲ್ಲಿ, ದೊನ್ ರಮೋನ್ ಆಗಿದ್ದವರು 1979ರಲ್ಲಿ ಹೊರಟರು. ಕೆನ್ನೆಯೇಟಿನ ಸರಪಳಿಯ ಎರಡು ಕೊಂಡಿಗಳೇ ಕಳಚಿದವು. ಕಥೆಯ ಬಹುಪಾಲು ದೊನ್ಯಾ ಫ್ಲೊರಿಂದಾ ನಡೆಸುವ ಹೋಟೆಲಿಗೆ ಸರಿಯಿತು. ಹೊಸದಾಗಿ ಬಂದ ಹೈಮೀತೊ ಅನ್ನುವ ಮುದಿ ಪೋಸ್ಟ್‌ಮ್ಯಾನ್‌ಗೆ ಹಳಬನ ನಡತೆ ತೊಡಿಸಲಿಲ್ಲ. ಅವನಿಗೆ ತನ್ನದೇ ಊರು, ಆ ಊರಿನ ಬಗ್ಗೆ ತನ್ನದೇ ಹೆಮ್ಮೆ, ಯಾವ ಕೆಲಸ ಹೇಳಿದರೂ ಆಯಾಸ ಆಗಬಾರದು ನೋಡಿ ಅಂತ ನುಣುಚಿಕೊಳ್ಳುವ ತನ್ನದೇ ಮಾತು. ಆದ್ದರಿಂದ ಪ್ರತಿ ತಮಾಷೆಯ ಕೆಳಗೆ ಅದು ಯಾವ ಇಬ್ಬರ ನಡುವಿನದು ಅಂತ ಹೆಸರು ಬರೆದಿಡು. ಅವರಲ್ಲಿ ಒಬ್ಬರು ಹೋದ ದಿನ ಆ ಪುಟಕ್ಕೆ ಅಡ್ಡಗೆರೆ ಎಳೆದು, ಹೊಸಬನಿಗೆ ಹೊಸ ಪುಟ ತೆಗೆ.