ಒಂದು ತಿಂಗಳ ಕಮಿಷನ್, ಮೇಲೆ ಟ್ಯಾಕ್ಸ್: ಬೀಗದ ಕೈ ಸಿಗೋ ದಿನ ಎಷ್ಟು ದುಡ್ಡು ಬೇಕು?

ಮೂರನೇ ಸೆಮಿಸ್ಟರ್ ಹತ್ತಿರ ಬಂದ್ರೆ ಸಾಕು, ಹಾಸ್ಟೆಲ್ ಬಿಟ್ಟು ಮನೆ ಮಾಡೋಣ ಅನ್ನೋ ಮಾತು ಶುರುವಾಗುತ್ತೆ. ಮದ್ದೂರಿನವರಿಗೆ ರೈಲಾದ್ರೂ ಇದೆ, ದಿನಾ ಮಂಡ್ಯಕ್ಕೆ ಬಂದು ಹೋಗಬಹುದು. ಮಳವಳ್ಳಿಯವರಿಗೆ ರೈಲಿಲ್ಲ, ಬಸ್ಸೇ ಗತಿ. ಲ್ಯಾಬ್ ಮುಗಿಯೋದು ಲೇಟಾದ್ರೆ ಮನೆ ಸೇರೋ ಹೊತ್ತಿಗೆ ರಾತ್ರಿ. ಹಾಗಾಗಿ ಮೂರ್ನಾಲ್ಕು ಜನ ಸೇರಿ ಕಾಲೇಜಿನ ಹತ್ತಿರ ಒಂದು ಮನೆ ಹಿಡಿಯೋ ಯೋಚನೆ ಸಹಜ.

ಆಗ ಎಲ್ಲರೂ ಕೇಳೋ ಪ್ರಶ್ನೆ "ಬಾಡಿಗೆ ಎಷ್ಟು?" ಅಂತ. ಆದ್ರೆ ಮನೆಯಲ್ಲಿ ಅಪ್ಪ ಅಮ್ಮನ ಹತ್ತಿರ ಕೇಳಬೇಕಾದ ಮೊತ್ತ ಬಾಡಿಗೆ ಅಲ್ಲ. ಬೀಗದ ಕೈ ಸಿಗೋ ದಿನ ಕೈಯಿಂದ ಹೋಗೋ ಒಟ್ಟು ದುಡ್ಡು ಬೇರೆ, ಅದರಲ್ಲಿ ವಾಪಸ್ ಬರದೇ ಇರೋ ದುಡ್ಡು ಬೇರೆ. ಈ ಎರಡು ಸಂಖ್ಯೆಗಳನ್ನ ಲೆಕ್ಕ ಹಾಕೋದು ಹೇಗೆ, ನಡುವೆ ಬರೋ ಬ್ರೋಕರ್ ಕಮಿಷನ್ ಮೇಲಿನ ಟ್ಯಾಕ್ಸ್ ಯಾವಾಗ ಕೊಡಬೇಕು, ಯಾವಾಗ ಕೊಡಬೇಕಾಗಿಲ್ಲ ಅನ್ನೋದನ್ನ ಇಲ್ಲಿ ನೋಡೋಣ.

ಕಮಿಷನ್ ರೂಢಿ, ಟ್ಯಾಕ್ಸ್ ಕಾನೂನು

"ಒಂದು ತಿಂಗಳ ಬಾಡಿಗೆ ಕಮಿಷನ್, ಪ್ಲಸ್ ಟ್ಯಾಕ್ಸ್" ಅಂತ ಬ್ರೋಕರ್ ಒಂದೇ ಉಸಿರಲ್ಲಿ ಹೇಳಿಬಿಡ್ತಾರೆ. ಕೇಳೋರಿಗೆ ಎರಡೂ ಒಂದೇ ಥರದ ನಿಯಮ ಅನ್ನಿಸುತ್ತೆ. ಆದ್ರೆ ಒಂದು ತಿಂಗಳ ಬಾಡಿಗೆ ಅನ್ನೋದು ರೂಢಿಯಿಂದ ಬಂದ ಲೆಕ್ಕ. ಅದರ ಬಗ್ಗೆ ಮಾತಾಡಬಹುದು. ಅರ್ಧ ತಿಂಗಳಿಗೆ ಒಪ್ಪೋರೂ ಇದ್ದಾರೆ, ಇಷ್ಟು ಅಂತ ಒಂದು ಮೊತ್ತ ಹೇಳೋರೂ ಇದ್ದಾರೆ. ಟ್ಯಾಕ್ಸ್ ಹಾಗಲ್ಲ. ಅದರಲ್ಲಿ ಚೌಕಾಸಿ ಇಲ್ಲ, ಕೊಡಬೇಕಾದ್ರೆ ಪೂರ್ತಿ ಕೊಡಬೇಕು. ಕೊಡಬೇಕಾಗಿಲ್ಲ ಅಂದ್ರೆ ಒಂದು ರೂಪಾಯಿಯೂ ಇಲ್ಲ.

ಬ್ರೋಕರ್ ಮಾಡೋದು ಒಂದು ಸೇವೆ. ಅದರ ಮೇಲಿನ ಜಿಎಸ್‌ಟಿ ಶೇ 18. ಬಿಲ್‌ನಲ್ಲಿ ಇದು ಎರಡು ಸಾಲಾಗಿ ಕಾಣುತ್ತೆ: ಕೇಂದ್ರದ್ದು ಶೇ 9, ರಾಜ್ಯದ್ದು ಶೇ 9. ಈ ಟ್ಯಾಕ್ಸ್ ಬೀಳೋದು ಕಮಿಷನ್ ಮೇಲೆ ಮಾತ್ರ. ನಾವು ವಾಸಕ್ಕೆ ಅಂತ ಬಾಡಿಗೆಗೆ ತಗೊಳ್ಳೋ ಮನೆಯ ಬಾಡಿಗೆಗೆ ಜಿಎಸ್‌ಟಿ ಇಲ್ಲ. ವಾಪಸ್ ಬರೋ ಅಡ್ವಾನ್ಸ್‌ಗೂ ಇಲ್ಲ. ಯಾರಾದ್ರೂ "ಒಟ್ಟು ಮೊತ್ತದ ಮೇಲೆ ಶೇ 18" ಅಂದ್ರೆ ಅಲ್ಲೇ ನಿಲ್ಲಿಸಿ.

ಈಗ ಮುಖ್ಯವಾದ ವಿಷಯ. ಜಿಎಸ್‌ಟಿ ನೋಂದಣಿ ಇರೋ ಬ್ರೋಕರ್ ಮಾತ್ರ ಈ ಟ್ಯಾಕ್ಸ್ ವಸೂಲಿ ಮಾಡಬಹುದು. ಬರೀ ಸೇವೆ ಕೊಡೋರ ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯ. ಬ್ರೋಕರ್ ವಿಷಯದಲ್ಲಿ ವಹಿವಾಟು ಅಂದ್ರೆ ಅವರಿಗೆ ಬರೋ ಕಮಿಷನ್. ಒಂದು ಮನೆಗೆ 10,000 ರೂಪಾಯಿ ಕಮಿಷನ್ ಅಂತ ಇಟ್ಕೊಂಡ್ರೆ, 20 ಲಕ್ಷ ಆಗೋಕೆ ವರ್ಷಕ್ಕೆ 200 ಮನೆ ಕೊಡಿಸಬೇಕು. ಅಂದ್ರೆ ವಾರಕ್ಕೆ ಸುಮಾರು ನಾಲ್ಕು ಮನೆ, ಒಂದು ವಾರವೂ ಬಿಡದೆ. ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳಲ್ಲಿ ಬೈಕಲ್ಲಿ ಕರ್ಕೊಂಡು ಹೋಗಿ ಮನೆ ತೋರಿಸೋ ಒಬ್ಬ ವ್ಯಕ್ತಿ ಬರೀ ಬಾಡಿಗೆ ಮನೆಗಳಿಂದ ಇಷ್ಟು ಮಾಡೋದು ಕಷ್ಟ.

ಹಾಗಂತ ಎಲ್ಲರನ್ನೂ ಅನುಮಾನದಿಂದ ನೋಡಬೇಕಾಗಿಲ್ಲ. ಅದೇ ವ್ಯಕ್ತಿ ಸೈಟು, ಜಮೀನು ವ್ಯಾಪಾರವನ್ನೂ ಮಾಡಿಸ್ತಿದ್ರೆ ಆ ಕಮಿಷನ್ನೂ ಸೇರಿ 20 ಲಕ್ಷ ದಾಟಬಹುದು. ದಾಟದೇ ಇದ್ರೂ ಸ್ವಂತ ಇಷ್ಟದಿಂದ ನೋಂದಣಿ ಮಾಡಿಸಿರಬಹುದು. ಹಾಗಾಗಿ ಊಹೆ ಬೇಡ, ನೋಡಿ ತಿಳ್ಕೊಳ್ಳೋಣ.

ನೋಡೋದು ಹೇಗೆ?

ಮೊದಲು ಕೇಳಬೇಕಾದ್ದು ಇಷ್ಟೇ: "ಅಣ್ಣ, ಟ್ಯಾಕ್ಸ್ ಕೊಡ್ತೀವಿ, ಜಿಎಸ್‌ಟಿ ಬಿಲ್ ಕೊಡ್ತೀರಾ?" ಇದು ಜಗಳದ ಮಾತಲ್ಲ. "ಕೊಡ್ತೀನಿ ಬುಡಪ್ಪ" ಅಂದ್ರೆ ಅವರ ನಂಬರ್ ಕೇಳಿ. ಬಿಲ್ ಮೇಲೆ GSTIN ಅಂತ ಇರುತ್ತೆ, ಒಟ್ಟು 15 ಅಕ್ಷರ ಮತ್ತು ಅಂಕಿ. ಕರ್ನಾಟಕದ್ದಾದ್ರೆ ಮೊದಲ ಎರಡು ಅಂಕಿ 29. ಅದರ ನಂತರದ ಹತ್ತು ಅವರ ಪ್ಯಾನ್ ನಂಬರ್.

ಆ ನಂಬರನ್ನ `gst.gov.in` ನಲ್ಲಿ `Search Taxpayer` ಅನ್ನೋ ಕಡೆ ಹಾಕಿ. ಲಾಗಿನ್ ಏನೂ ಬೇಕಾಗಿಲ್ಲ. ಬರೋ ಪುಟದಲ್ಲಿ ಮೂರು ವಿಷಯ ನೋಡಿ. ಹೆಸರು ಬಿಲ್ ಕೊಟ್ಟವರದ್ದೇ ಇದೆಯಾ? ಸ್ಥಿತಿ `Active` ಅಂತ ಇದೆಯಾ, ಇಲ್ಲ `Cancelled` ಅಂತಲಾ? ಮೂರನೆಯದು, ಅವರು `Regular` ವರ್ಗದವರಾ, `Composition` ವರ್ಗದವರಾ? ಈ ಎರಡನೇ ವರ್ಗದವರು ತಮ್ಮ ಟ್ಯಾಕ್ಸ್ ತಾವೇ ಕಟ್ಟಬೇಕು, ಗ್ರಾಹಕರ ಹತ್ತಿರ ಬೇರೆಯಾಗಿ ವಸೂಲಿ ಮಾಡೋ ಹಾಗಿಲ್ಲ.

"ಬಿಲ್ ಇಲ್ಲ, ಆದ್ರೆ ಟ್ಯಾಕ್ಸ್ ಕೊಡಬೇಕು" ಅನ್ನೋ ಉತ್ತರ ಬಂದ್ರೆ ಆ ದುಡ್ಡು ಸರ್ಕಾರಕ್ಕೆ ಹೋಗುತ್ತೆ ಅನ್ನೋಕೆ ಯಾವ ಆಧಾರವೂ ಇಲ್ಲ. ನೋಂದಣಿ ಇಲ್ಲದವರು ಹಾಗೆ ವಸೂಲಿ ಮಾಡೋದನ್ನ ಜಿಎಸ್‌ಟಿ ಕಾನೂನೇ ನಿಷೇಧಿಸಿದೆ. ಅದು ಟ್ಯಾಕ್ಸ್ ಅಲ್ಲ, 10,000 ಇದ್ದ ಕಮಿಷನ್ 11,800 ಆಗಿದೆ ಅಷ್ಟೇ.

ಒಂದು ಲೆಕ್ಕ ಮಾಡೋಣ

ಮದ್ದೂರಿನ ಇಬ್ಬರು, ಮಳವಳ್ಳಿಯ ಇಬ್ಬರು ಸೇರಿ ಮಂಡ್ಯದಲ್ಲಿ ಒಂದು ಮನೆ ಹಿಡಿದ್ರು ಅಂತ ಇಟ್ಕೊಳ್ಳಿ. ಇಲ್ಲಿರೋ ಮೊತ್ತಗಳು ಲೆಕ್ಕ ತೋರಿಸೋಕೆ ನಾನು ಇಟ್ಟುಕೊಂಡದ್ದು. ನಿಮ್ಮ ಮನೆಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ. ಬಾಡಿಗೆ 10,000. ಅಡ್ವಾನ್ಸ್ ಐದು ತಿಂಗಳದ್ದು, 50,000. ಬ್ರೋಕರ್ ಕಮಿಷನ್ ಒಂದು ತಿಂಗಳದ್ದು. ಮನೆ ಸೇರೋದು ಜೂನ್ 12ಕ್ಕೆ. ಮನೆ ಬೇರೆಯವರಿಗೆ ಹೋಗದ ಹಾಗೆ ಓನರ್‌ಗೆ ಮೊದಲೇ ಕೊಟ್ಟ ಟೋಕನ್ 5,000.

ಸೂತ್ರ ಹೀಗೆ:

```
T = D + (d/n)R + C(1 + 0.18g) + M − K
```

T ಅಂದ್ರೆ ಆ ದಿನ ಬೇಕಾದ ಒಟ್ಟು ದುಡ್ಡು. D ಅಡ್ವಾನ್ಸ್, R ಬಾಡಿಗೆ, C ಕಮಿಷನ್, K ಟೋಕನ್. d ಆ ತಿಂಗಳಲ್ಲಿ ನಾವು ಇರೋ ದಿನಗಳು, n ಆ ತಿಂಗಳ ಒಟ್ಟು ದಿನಗಳು. g ಬೆಲೆ ಬ್ರೋಕರ್‌ಗೆ ಟ್ಯಾಕ್ಸ್ ವಸೂಲಿ ಮಾಡೋ ಹಕ್ಕಿದ್ರೆ 1, ಇಲ್ಲದಿದ್ರೆ 0. M ಅನ್ನೋದು ಉಳಿದ ಖರ್ಚು.

ಜೂನ್ 12ರಿಂದ 30ರವರೆಗೆ, ಎರಡೂ ದಿನ ಸೇರಿ, 19 ದಿನ. ಹಾಗಾಗಿ ಮೊದಲ ತಿಂಗಳ ಬಾಡಿಗೆ 10,000ದ 30ರಲ್ಲಿ 19 ಭಾಗ, ಅಂದ್ರೆ 6,333. ಕೆಲವು ಓನರ್‌ಗಳು ಯಾವ ತಾರೀಕಿಗೆ ಬಂದ್ರೂ ಪೂರ್ತಿ ತಿಂಗಳದ್ದು ಕೇಳ್ತಾರೆ, ಇದನ್ನ ಟೋಕನ್ ಕೊಡೋ ಮೊದಲೇ ಮಾತಾಡ್ಕೊಳ್ಳಿ. ಕಮಿಷನ್ ಟ್ಯಾಕ್ಸ್ ಸೇರಿ 11,800. ಉಳಿದ ಖರ್ಚಿಗೆ ಅಗ್ರಿಮೆಂಟಿನ ಸ್ಟಾಂಪ್ ಪೇಪರ್ ಮತ್ತು ಟೈಪಿಂಗ್ 600, ಎರಡೂ ಊರಿಂದ ಸಾಮಾನು ತರೋ ಲಗೇಜ್ ಆಟೋ 2,000, ಹೊಸ ಬೀಗ, ಬಲ್ಬು, ಬಕೆಟ್ಟು, ಪೊರಕೆ, ಉಕ್ಕಿಸೋಕೆ ಹಾಲು ಎಲ್ಲಾ ಸೇರಿ 1,500 ಇಡೋಣ. ಒಟ್ಟು 4,100.

ಹಾಗಾದ್ರೆ 50,000 + 6,333 + 11,800 + 4,100 − 5,000 = 67,233. ತಲೆಗೆ ಸುಮಾರು 16,810. "ಬಾಡಿಗೆ ತಲೆಗೆ ಎರಡೂವರೆ ಸಾವಿರ ಅಷ್ಟೇ" ಅಂತ ಮನೆಯಲ್ಲಿ ಹೇಳಿ ಹೊರಟವರಿಗೆ ಬೇಕಾಗೋದು ಅದರ ಆರೂವರೆ ಪಟ್ಟಿಗಿಂತ ಜಾಸ್ತಿ. ಬ್ರೋಕರ್‌ಗೆ ಟ್ಯಾಕ್ಸ್ ವಸೂಲಿ ಮಾಡೋ ಹಕ್ಕಿಲ್ಲದಿದ್ರೆ ಒಟ್ಟು ಮೊತ್ತ 65,433 ಆಗುತ್ತೆ.

ವಾಪಸ್ ಬರೋದೆಷ್ಟು?

ಈಗ ಎರಡನೇ ಸಂಖ್ಯೆ. ಅಡ್ವಾನ್ಸ್ ದೊಡ್ಡದಾಗಿ ಕಂಡರೂ ಅದು ನಮ್ಮದೇ ದುಡ್ಡು. ಆದ್ರೆ ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋ ರೂಢಿ ಇದೆ. ಆಗ ಕೈಗೆ ಬರೋದು 40,000. ಕಮಿಷನ್ 11,800, ಉಳಿದ ಖರ್ಚು 4,100, ಪೇಂಟಿಂಗ್ 10,000 ಸೇರಿ 25,900 ರೂಪಾಯಿ ಬಾಡಿಗೆ ಬಿಟ್ಟು ಖರ್ಚಾದ ದುಡ್ಡು.

ಇದನ್ನ ಇರೋ ತಿಂಗಳುಗಳಿಗೆ ಹಂಚಿ ನೋಡಿ. 11 ತಿಂಗಳು ಇದ್ರೆ ತಿಂಗಳಿಗೆ 2,355 ಹೆಚ್ಚಾಗುತ್ತೆ, ಅಂದ್ರೆ ಹತ್ತು ಸಾವಿರದ ಮನೆ ನಿಜವಾಗಿ 12,355ರ ಮನೆ. ಒಂದು ಸೆಮಿಸ್ಟರ್ ಮುಗಿಸಿ ಐದು ತಿಂಗಳಿಗೇ ಬಿಟ್ರೆ ತಿಂಗಳಿಗೆ 5,180 ಹೆಚ್ಚು. ಆಗ ಅದು ಹದಿನೈದು ಸಾವಿರ ಮೀರಿದ ಮನೆ! ಟು ಲೆಟ್ ಬೋರ್ಡ್ ನೋಡಿ ನೇರವಾಗಿ ಹಿಡಿದ 11,000ದ ಮನೆ, ಬ್ರೋಕರ್ ಕೊಡಿಸಿದ 10,000ದ ಮನೆಗಿಂತ ಅಗ್ಗ ಆಗಬಹುದು. ಬರೀ ಕಮಿಷನ್ನನ್ನೇ 11 ತಿಂಗಳಿಗೆ ಹಂಚಿದ್ರೂ ತಿಂಗಳಿಗೆ 1,073 ಬೀಳುತ್ತೆ.

ಎಲ್ಲಿ ಚೌಕಾಸಿ ಮಾಡಬೇಕು ಅನ್ನೋದೂ ಇದರಿಂದ ಗೊತ್ತಾಗುತ್ತೆ. ಅಡ್ವಾನ್ಸ್‌ನಲ್ಲಿ ಒಂದು ತಿಂಗಳದ್ದು ಕಮ್ಮಿ ಮಾಡಿಸಿದ್ರೆ ಆ ದಿನದ ಭಾರ 10,000 ಇಳಿಯುತ್ತೆ, ಆದ್ರೆ ಉಳಿತಾಯ ಏನೂ ಇಲ್ಲ. ಕಮಿಷನ್‌ನಲ್ಲಿ 2,000 ಕಮ್ಮಿ ಮಾಡಿಸಿದ್ರೆ ಅದರ ಟ್ಯಾಕ್ಸೂ ಸೇರಿ 2,360 ಪೂರ್ತಿ ಉಳಿಯುತ್ತೆ. ಊರಿಂದ ದುಡ್ಡು ಹೊಂದಿಸೋದೇ ಕಷ್ಟ ಅನ್ನೋರು ಮೊದಲನೆಯದನ್ನ ಕೇಳಿ, ಖರ್ಚು ಉಳಿಸಬೇಕು ಅನ್ನೋರು ಎರಡನೆಯದನ್ನ ಕೇಳಿ.

ದುಡ್ಡು ಯಾವ ಕ್ರಮದಲ್ಲಿ ಹೋಗಬೇಕು

ಅಡ್ವಾನ್ಸ್ ಮತ್ತು ಬಾಡಿಗೆ ಓನರ್ ಖಾತೆಗೇ ಹೋಗಲಿ, ಬ್ರೋಕರ್ ಫೋನಿಗೆ ಬೇಡ. ಬಿಡುವಾಗ ವಾಪಸ್ ಕೇಳಬೇಕಾದ್ದು ಓನರ್ ಹತ್ತಿರ. ಕೊಟ್ಟ ಗುರುತೂ ಅವರ ಹೆಸರಲ್ಲೇ ಇರಬೇಕು. ಅಗ್ರಿಮೆಂಟ್‌ನಲ್ಲಿ ಅಡ್ವಾನ್ಸ್ ಎಷ್ಟು, ಟೋಕನ್ ಅದರಲ್ಲಿ ಸೇರಿದೆಯಾ, ಪೇಂಟಿಂಗ್‌ಗೆ ಎಷ್ಟು ಹಿಡ್ಕೊಳ್ತಾರೆ ಅನ್ನೋ ಮೂರೂ ಅಂಕಿಯಲ್ಲಿ ಬರೆದಿರಲಿ. ಸಹಿ ಆಗಿ, ಬೀಗದ ಕೈ ಸಿಕ್ಕಿದ ಮೇಲೆ ಕೊನೆಗೆ ಕಮಿಷನ್ ಕೊಡಿ. 11 ತಿಂಗಳಾದ ಮೇಲೆ ಅಗ್ರಿಮೆಂಟ್ ಮುಂದುವರಿಸಿದ್ರೆ ಮತ್ತೆ ಕಮಿಷನ್ ಕೇಳ್ತಾರಾ ಅನ್ನೋದನ್ನೂ ಕೊಡೋ ಮೊದಲು ಕೇಳಿ.

ಇನ್ನೊಂದು ಸಣ್ಣ ವಿಷಯ, ಆದ್ರೆ ಆ ದಿನ ಕೈಕಟ್ಟಿ ಹಾಕುತ್ತೆ. ಯುಪಿಐನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಕಳಿಸೋಕೆ ಸಾಮಾನ್ಯ ಮಿತಿ ದಿನಕ್ಕೆ ಒಂದು ಲಕ್ಷ, ಕೆಲವು ಬ್ಯಾಂಕುಗಳಲ್ಲಿ ಇನ್ನೂ ಕಮ್ಮಿ. ಹೊಸ ಫೋನಲ್ಲಿ ಈಗಷ್ಟೇ ಯುಪಿಐ ಶುರು ಮಾಡಿದ್ರೆ ಮೊದಲ 24 ಗಂಟೆ ಸಾಮಾನ್ಯವಾಗಿ 5,000ಕ್ಕಿಂತ ಜಾಸ್ತಿ ಹೋಗಲ್ಲ. ಅಪ್ಪ ಹೊಸ ಫೋನ್ ತಗೊಂಡ ಮಾರನೇ ದಿನವೇ ಅಡ್ವಾನ್ಸ್ ಕಳಿಸಬೇಕು ಅಂದ್ರೆ ಕಷ್ಟ. ನಾಲ್ಕೂ ಮನೆಯವರು ತಮ್ಮ ಪಾಲನ್ನ ಎರಡು ದಿನ ಮೊದಲೇ ಒಬ್ಬರ ಖಾತೆಗೆ ಹಾಕಿಟ್ಟಿದ್ರೆ, ಸಾಮಾನು ಇಳಿಸಿ ಲಗೇಜ್ ಆಟೋದವರು ಕಾಯ್ತಿರುವಾಗ ಬೀದಿಯಲ್ಲಿ ನಿಂತು ಫೋನ್ ಮಾಡೋ ಪರಿಸ್ಥಿತಿ ಬರಲ್ಲ.