ಹೀಟ್ ಟ್ರಾನ್ಸ್‌ಫರ್: ಹದಿನಾಲ್ಕು ದಿನ ಇದ್ರೆ ಯಾವ ಲೆಕ್ಕ ಮೊದಲು?

ನಾವು ಇನ್ನೂ ಸೆಕೆಂಡ್ ಇಯರ್. ಈ ಪೇಪರ್ ನಮಗೆ ಬರೋದು ಮುಂದಿನ ವರ್ಷ. ಆದ್ರೆ ಸತ್ಯಮಂಗಲದಲ್ಲಿ ನಾವಿರೋ ರೂಮಿನಲ್ಲಿ ಫೈನಲ್ ಇಯರ್ ಮೆಕ್ಯಾನಿಕಲ್ ಅಣ್ಣ ಒಬ್ಬರಿದ್ದಾರೆ. ಅವರಿಗೆ ಆರನೇ ಸೆಮ್‌ನ ಹೀಟ್ ಟ್ರಾನ್ಸ್‌ಫರ್ ಬ್ಯಾಕ್ ಉಳಿದುಕೊಂಡಿದೆ. ಕೆಲಸದ ಆಫರ್ ಕೈಯಲ್ಲಿದೆ, ಆದರೆ ಬ್ಯಾಕ್ ಕ್ಲಿಯರ್ ಆದ್ರೆ ಮಾತ್ರ ಸೇರಿಸಿಕೊಳ್ತಾರೆ. ಪರೀಕ್ಷೆಗೆ ಉಳಿದಿರೋದು ಎರಡು ವಾರ, ಹಗಲೆಲ್ಲ ಪ್ರಾಜೆಕ್ಟ್ ಕೆಲಸ, ಓದೋಕೆ ಸಿಗೋದು ದಿನಕ್ಕೆ ನಾಲ್ಕು ಗಂಟೆ. ಅವರ ಜೊತೆ ಕೂತು ಹಳೇ ವಿಟಿಯು ಪೇಪರ್‌ಗಳನ್ನು ಹರಡಿಕೊಂಡು ಮಾಡಿದ ಪ್ಲಾನ್ ಇದು.

ಮೊದಲ ದಿನ ಒಂದೂ ಲೆಕ್ಕ ಮಾಡೋದು ಬೇಡ. ಪೇಪರ್‌ನಲ್ಲಿ ಐದು ಮಾಡ್ಯೂಲ್, ಪ್ರತಿಯೊಂದಕ್ಕೂ 20 ಅಂಕ. ಒಂದೊಂದರಲ್ಲೂ ಎರಡು ಪೂರ್ತಿ ಪ್ರಶ್ನೆ ಇರುತ್ತೆ, ಒಂದನ್ನು ಉತ್ತರಿಸಬೇಕು. ಹಾಗಾಗಿ ಮಾಡ್ಯೂಲ್ ಒಂದನ್ನು ಬಿಟ್ರೆ 20 ಅಂಕ ಹೋದಂತೆ, ಆದ್ರೆ ಮಾಡ್ಯೂಲ್ ಒಳಗೆ ಎಲ್ಲವನ್ನೂ ಓದಲೇಬೇಕು ಅಂತಿಲ್ಲ. ಐದು ಹಳೇ ಪೇಪರ್ ತಗೊಂಡು ಪ್ರತಿ ಲೆಕ್ಕದ ಪಕ್ಕದಲ್ಲಿ ಅದರ ಜಾತಿ ಬರೆಯಿರಿ: ಪದರದ ಗೋಡೆ ಅಥವಾ ಪೈಪು, ಫಿನ್, ಕಾಲದ ಜೊತೆ ತಣ್ಣಗಾಗೋ ವಸ್ತು, ಪ್ಲೇಟ್ ಮೇಲೆ ಗಾಳಿ, ಹೀಟ್ ಎಕ್ಸ್‌ಚೇಂಜರ್, ರೇಡಿಯೇಷನ್ ಶೀಲ್ಡ್. ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಜಾತಿಯ ಲೆಕ್ಕದಲ್ಲಿ ಬಂದ ಉತ್ತರ ಸರಿಯೋ ತಪ್ಪೋ ಅಂತ ಪರೀಕ್ಷಾ ಕೊಠಡಿಯಲ್ಲೇ ನಾವೇ ನೋಡ್ಕೋಬಹುದಾ? ನೋಡ್ಕೋಬಹುದಾದ ಜಾತಿ ಮೊದಲು.

ಆ ಲೆಕ್ಕದಲ್ಲಿ ಮೊದಲು ಬರೋದು ಕೊನೇ ಮಾಡ್ಯೂಲಿನ ಹೀಟ್ ಎಕ್ಸ್‌ಚೇಂಜರ್. ಎರಡರಿಂದ ನಾಲ್ಕನೇ ದಿನದವರೆಗೆ ಇದೊಂದೇ. ಹೆಚ್ಚಿನ ಲೆಕ್ಕಗಳಿಗೆ ಡೇಟಾ ಹ್ಯಾಂಡ್‌ಬುಕ್ ತೆರೆಯೋ ಕೆಲಸವೇ ಇಲ್ಲ. ಬಿಸಿ ದ್ರವ ಕಳೆದುಕೊಂಡದ್ದೇ ತಣ್ಣನೆ ದ್ರವಕ್ಕೆ ಸೇರಿದ್ದು ಅನ್ನೋ ಸಮತೋಲನ ಸೆಕೆಂಡ್ ಇಯರ್ ಥರ್ಮೋದಿಂದಲೇ ಗೊತ್ತಿರುತ್ತೆ. ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ.

ಸೆಕೆಂಡಿಗೆ 1 ಕೆಜಿ ಎಣ್ಣೆ (cp = 2.1 kJ/kgK) 110 ಡಿಗ್ರಿಯಿಂದ 70ಕ್ಕೆ ತಣ್ಣಗಾಗಬೇಕು. ಎದುರಿನಿಂದ, ಅಂದ್ರೆ ಕೌಂಟರ್ ಫ್ಲೋನಲ್ಲಿ, ಸೆಕೆಂಡಿಗೆ 1 ಕೆಜಿ ನೀರು (cp = 4.2) 30 ಡಿಗ್ರಿಯಲ್ಲಿ ಒಳಗೆ ಬರುತ್ತೆ. U = 350 W/m²K. ಎಷ್ಟು ವಿಸ್ತೀರ್ಣ ಬೇಕು? ಎಣ್ಣೆ ಬಿಡೋ ಶಾಖ 2.1 × 40 = 84 ಕಿಲೋವ್ಯಾಟ್. ಅಷ್ಟೂ ನೀರಿಗೆ ಹೋದ್ರೆ ನೀರು 20 ಡಿಗ್ರಿ ಏರಿ 50ಕ್ಕೆ ಬರುತ್ತೆ. ಒಂದು ತುದಿಯಲ್ಲಿ ವ್ಯತ್ಯಾಸ 110 − 50 = 60, ಇನ್ನೊಂದರಲ್ಲಿ 70 − 30 = 40. ಎಲ್‌ಎಂಟಿಡಿ 20 / ln(1.5), ಅಂದ್ರೆ 49.3. ವಿಸ್ತೀರ್ಣ 84000 / (350 × 49.3) = 4.87 ಚದರ ಮೀಟರ್. ಇದನ್ನೇ ಪ್ಯಾರಲಲ್ ಫ್ಲೋ ಅಂತ ಮಾಡಿದ್ರೆ ವ್ಯತ್ಯಾಸಗಳು 80 ಮತ್ತು 20, ಎಲ್‌ಎಂಟಿಡಿ 43.3, ವಿಸ್ತೀರ್ಣ 5.55. ಕೌಂಟರ್ ಫ್ಲೋಗೆ ಯಾವಾಗಲೂ ಕಡಿಮೆ ವಿಸ್ತೀರ್ಣ ಸಾಕು. ಉಲ್ಟಾ ಬಂದಿದ್ರೆ ತುದಿಗಳ ಜೋಡಿ ಅದಲು ಬದಲಾಗಿದೆ ಅಂತ ಅಲ್ಲೇ ಗೊತ್ತಾಗುತ್ತೆ.

ಈಗ ಪ್ರಶ್ನೆಯ ಎರಡನೇ ಭಾಗ ಹೀಗೆ ಬರಬಹುದು: ಅದೇ ಎಕ್ಸ್‌ಚೇಂಜರ್, U ಅಷ್ಟೇ ಅಂತ ಇಟ್ಕೊಳ್ಳಿ, ನೀರು ಮಾತ್ರ ಅರ್ಧ ಕೆಜಿಗೆ ಇಳಿಯಿತು, ಹೊರಬರೋ ಉಷ್ಣತೆಗಳೆಷ್ಟು? ಇಲ್ಲಿ ಹೊರಹೋಗೋ ಉಷ್ಣತೆ ಎರಡೂ ಗೊತ್ತಿಲ್ಲ, ಹಾಗಾಗಿ ಎಲ್‌ಎಂಟಿಡಿ ಹಿಡಿದು ಕೂತ್ರೆ ಊಹಿಸಿ ಊಹಿಸಿ ಸಮಯ ಹೋಗುತ್ತೆ. ಇದು ಎನ್‌ಟಿಯು ಜಾತಿ. ಎಣ್ಣೆಯದು 2.1, ನೀರಿನದೂ 0.5 × 4.2 = 2.1, ಎರಡೂ ಸಮ. NTU = 350 × 4.87 / 2100 = 0.812. ಎರಡೂ ಸಮ ಇರೋ ಕೌಂಟರ್ ಫ್ಲೋಗೆ ಎಫೆಕ್ಟಿವ್‌ನೆಸ್ NTU / (1 + NTU) = 0.448. ಗರಿಷ್ಠ ಸಾಧ್ಯವಿದ್ದದ್ದು 2.1 × 80 = 168 ಕಿಲೋವ್ಯಾಟ್, ನಿಜವಾಗಿ ಸಾಗಿದ್ದು 75.3. ಎಣ್ಣೆ 74.2ರಲ್ಲಿ, ನೀರು 65.8ರಲ್ಲಿ ಹೊರಬರುತ್ತೆ. ನೀರು ಅರ್ಧ ಆದ್ರೂ ಶಾಖ ಅರ್ಧ ಆಗಲಿಲ್ಲ ಅನ್ನೋದನ್ನ ಗಮನಿಸಿ.

ಸರಿ ಇದೆಯಾ ನೋಡೋಕೆ ಎರಡೂ ತುದಿಯ ವ್ಯತ್ಯಾಸ ತೆಗೀರಿ: 110 − 65.8 ಮತ್ತು 74.2 − 30, ಎರಡೂ 44.2. ಇದನ್ನು ಎಲ್‌ಎಂಟಿಡಿ ಸೂತ್ರಕ್ಕೆ ಹಾಕಿದ್ರೆ ಸೊನ್ನೆ ಭಾಗಿಸು ಸೊನ್ನೆ, ಕ್ಯಾಲ್ಕುಲೇಟರ್ ಎರರ್ ಕೊಡುತ್ತೆ. ತಪ್ಪು ಮಾಡಿದ್ವಿ ಅಂತ ಗಾಬರಿಯಾಗಿ ಇಡೀ ಲೆಕ್ಕ ಹೊಡೆದುಹಾಕಬೇಡಿ. ವ್ಯತ್ಯಾಸ ಉದ್ದಕ್ಕೂ ಒಂದೇ ಇದ್ದಾಗ ಆ ಒಂದೇ ಸಂಖ್ಯೆ ಸಾಕು: 350 × 4.87 × 44.2 ಮತ್ತೆ 75.3 ಕಿಲೋವ್ಯಾಟ್ ಕೊಡುತ್ತೆ.

ಐದು, ಆರನೇ ದಿನ ಪದರದ ಗೋಡೆ ಮತ್ತು ಇನ್ಸುಲೇಷನ್ ಸುತ್ತಿದ ಪೈಪು. ಇಲ್ಲಿ ಮಾತು ಕಡಿಮೆ ಸಾಕು. ರೆಸಿಸ್ಟೆನ್ಸ್ ಸರಪಳಿ ಚಿತ್ರ ಬರೆದು, ಉತ್ತರ ಬಂದ ಮೇಲೆ ಒಂದೊಂದು ಪದರದ ಉಷ್ಣತೆ ಇಳಿಕೆ ಕೂಡಿಸಿ ನೋಡಿ, ಒಟ್ಟು ವ್ಯತ್ಯಾಸ ಬರಬೇಕು.

ಏಳು, ಎಂಟನೇ ದಿನ ಫಿನ್ ಮತ್ತು ಟ್ರಾನ್ಸಿಯೆಂಟ್. ಟ್ರಾನ್ಸಿಯೆಂಟ್‌ನಲ್ಲಿ ಎಡವೋ ಜಾಗ ಒಂದಿದೆ. ಗೋಳ ತಣ್ಣಗಾಗೋ ಲೆಕ್ಕದಲ್ಲಿ ಲಂಪ್ಡ್ ವಿಧಾನ ನಡೆಯುತ್ತಾ ಅಂತ ನೋಡೋ ಬಯಾಟ್ ಸಂಖ್ಯೆಗೆ ಉದ್ದ ಅಂದ್ರೆ r/3, ಅದು 0.1ಕ್ಕಿಂತ ಕಡಿಮೆ ಇರಬೇಕು. ಜಾಸ್ತಿ ಬಂತು ಅಂತ ಹೈಸ್ಲರ್ ಚಾರ್ಟಿಗೆ ಹೋದ್ರೆ ಅಲ್ಲಿಯ ಬಯಾಟ್ ಸಂಖ್ಯೆಗೆ ಪೂರ್ತಿ r ಹಾಕಬೇಕು. ಹಳೇ ಸಂಖ್ಯೆಯನ್ನೇ ಎತ್ತಿಕೊಂಡು ಹೋದ್ರೆ ಬೇರೆ ಗೆರೆ ಓದ್ತೀರಿ, ಉತ್ತರ ನೋಡೋಕೆ ಚೆನ್ನಾಗೇ ಇರುತ್ತೆ, ತಪ್ಪು ಅಂತ ಗೊತ್ತೇ ಆಗಲ್ಲ.

ಒಂಬತ್ತರಿಂದ ಹನ್ನೊಂದು ಕನ್ವೆಕ್ಷನ್‌ಗೆ. ಮೂರು ದಿನ ಯಾಕೆಂದ್ರೆ ಇಲ್ಲಿ ಡೇಟಾ ಹ್ಯಾಂಡ್‌ಬುಕ್ ಓದೋದೇ ಒಂದು ವಿದ್ಯೆ. ಕೊನೇ ರಾತ್ರಿಗೆ ಇಟ್ರೆ ಆಗಲ್ಲ. 100 ಡಿಗ್ರಿಯ ಒಂದು ಮೀಟರ್ ಪ್ಲೇಟ್ ಮೇಲೆ 20 ಡಿಗ್ರಿ ಗಾಳಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೋಗ್ತಿದೆ ಅಂದ್ಕೊಳ್ಳಿ. ಗುಣಗಳನ್ನು ಓದಬೇಕಾದ್ದು ಎರಡರ ಸರಾಸರಿ 60 ಡಿಗ್ರಿಯಲ್ಲಿ. ಕೋದಂಡರಾಮನ್–ಸುಬ್ರಮಣ್ಯನ್ ಪುಸ್ತಕದಲ್ಲಿ ಅಲ್ಲಿ ಸ್ನಿಗ್ಧತೆ 18.97 ಅಂತ ಇರುತ್ತೆ, ಆದ್ರೆ ಕಾಲಮ್ ತಲೆಯಲ್ಲಿ 10⁶ ಇದೆ, ಅಂದ್ರೆ ನಿಜವಾದದ್ದು 18.97 × 10⁻⁶. ರೆನಾಲ್ಡ್ಸ್ 1.58 × 10⁵, ಪ್ಲೇಟಿನ ಮಿತಿ 5 × 10⁵ಕ್ಕಿಂತ ಕಡಿಮೆ, ಹಾಗಾಗಿ ಲ್ಯಾಮಿನಾರ್. ಸೂತ್ರದಲ್ಲಿ 0.332 ಇದ್ರೆ ಅದು ತುದಿಯ ಒಂದು ಬಿಂದುವಿನದ್ದು, ಇಡೀ ಪ್ಲೇಟಿಗೆ 0.664. ಹಾಗೆ ಮಾಡಿದ್ರೆ h ಸುಮಾರು 6.8 W/m²K. ನಿಧಾನವಾದ ಗಾಳಿಗೆ ಇದು ಇರಬೇಕಾದಷ್ಟೇ. ಇದರ ಸಾವಿರದಲ್ಲೊಂದು ಭಾಗದಷ್ಟು ಬಂದ್ರೆ ಆ ಕಾಲಮ್ ತಲೆಯನ್ನು ಮತ್ತೆ ನೋಡಿ. ಪೈಪಿನ ಒಳಗಿನ ಹರಿವಾದ್ರೆ ಒಳಬರೋ, ಹೊರಹೋಗೋ ದ್ರವದ ಸರಾಸರಿಯಲ್ಲಿ ಗುಣ ಓದಬೇಕು, ಮಿತಿಯೂ 2300. ಪ್ಲೇಟಿನ ಅಭ್ಯಾಸ ಪೈಪಿಗೆ ತಗೊಂಡು ಹೋಗೋದೇ ಇಲ್ಲಿ ಹೆಚ್ಚು ಅಂಕ ತಿನ್ನೋದು.

ಹನ್ನೆರಡನೇ ದಿನ ರೇಡಿಯೇಷನ್. ಶೀಲ್ಡ್ ಲೆಕ್ಕ ಕೂಡ ರೆಸಿಸ್ಟೆನ್ಸ್ ಸರಪಳಿಯೇ, ಉಷ್ಣತೆ ಮಾತ್ರ ಕೆಲ್ವಿನ್‌ನಲ್ಲಿ. ಎಲ್ಲ ಮೇಲ್ಮೈಗಳ ಎಮಿಸಿವಿಟಿ ಒಂದೇ ಇದ್ರೆ ಒಂದು ಶೀಲ್ಡ್ ಹಾಕಿದಾಗ ಶಾಖ ಸರಿಯಾಗಿ ಅರ್ಧ ಆಗಬೇಕು, ಅದೇ ಚೆಕ್.

ಹದಿಮೂರನೇ ದಿನ ಒಂದು ಪೂರ್ತಿ ಪೇಪರ್, ಮೂರು ಗಂಟೆ, ಪರೀಕ್ಷೆಗೆ ತಗೊಂಡು ಹೋಗೋ ಅದೇ ಕ್ಯಾಲ್ಕುಲೇಟರ್, ಏನೂ ಗೀಚದ ಡೇಟಾ ಹ್ಯಾಂಡ್‌ಬುಕ್. ಡೆರಿವೇಷನ್‌ಗಳನ್ನು ಹದಿನಾಲ್ಕನೇ ದಿನಕ್ಕೆ ಇಟ್ಟಿದ್ದೇವೆ: ಕ್ರಿಟಿಕಲ್ ರೇಡಿಯಸ್, ತುದಿ ಇನ್ಸುಲೇಟ್ ಆದ ಫಿನ್, ಕೌಂಟರ್ ಫ್ಲೋ ಎಲ್‌ಎಂಟಿಡಿ. ಈ ಮೂರನ್ನು ನೋಡದೆ ಒಂದೊಂದು ಸಲ ಬರೆದು, ಕುದಿಯುವಿಕೆಯ ಕರ್ವ್ ಒಂದನ್ನು ಹೆಸರುಗಳ ಸಮೇತ ಬಿಡಿಸಿ, ಬೇಗ ಮಲಗೋದು.