ಟೈಲ್ ನೀರು ಕುಡಿಯದು, ಸಂದು ಕುಡಿಯುತ್ತದೆ

ಹೊಸ ಮನೆಯ ಹಾಲ್‌ಗೆ ಎರಡಡಿ-ನಾಲ್ಕಡಿಯ ವಿಟ್ರಿಫೈಡ್ ಟೈಲ್ಸ್ ಆರಿಸಿದ್ದೀರಿ, ಸಂತೋಷ. ಬಣ್ಣಕ್ಕಾಗಿ ಊರಿನ ಅಂಗಡಿಗಳನ್ನೆಲ್ಲ ಸುತ್ತಿದಿರಿ. ಅದನ್ನು ನೆಲಕ್ಕೆ ಯಾವುದರಿಂದ ಕೂರಿಸುತ್ತೀರಿ ಎಂದು ಕೇಳಿದರೆ ಮಾತ್ರ "ಅದೆಲ್ಲ ಮೇಸ್ತ್ರಿ ನೋಡ್ಕೊಳ್ತಾರೆ" ಎನ್ನುತ್ತೀರಿ. ಇದು ಸರಿಯಲ್ಲ. ಮೇಸ್ತ್ರಿ ಎಷ್ಟೇ ಒಳ್ಳೆಯ ಕೆಲಸಗಾರರಾಗಿರಲಿ, ನೀವು ತರಿಸಿಕೊಟ್ಟ ಸಾಮಾನಿನಲ್ಲೇ ಅವರು ಕೆಲಸ ಮಾಡಬೇಕು. ಆದ್ದರಿಂದ ನಾಲ್ಕು ಮಾತು ಸಮಾಧಾನದಿಂದ ಕೇಳಿ.

ಹಿಂದಿನ ಸೆರಾಮಿಕ್ ಟೈಲ್ಸನ್ನು ಮೇಸ್ತ್ರಿಗಳು ಮೊದಲು ನೀರಿನಲ್ಲಿ ನೆನೆಹಾಕುತ್ತಿದ್ದರು. ಅದರ ಬೆನ್ನಿನ ಸಣ್ಣ ರಂಧ್ರಗಳಿಗೆ ಸಿಮೆಂಟ್ ಹಾಲು ಇಳಿದು, ಅಲ್ಲೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ವಿಟ್ರಿಫೈಡ್ ಟೈಲ್ ಹಾಗಲ್ಲ. ಅದು ಹೀರುವ ನೀರು ತನ್ನ ತೂಕದ ನೂರರಲ್ಲಿ ಅರ್ಧ ಪಾಲನ್ನೂ ಮೀರುವುದಿಲ್ಲ. ಸಿಮೆಂಟ್ ಹಾಲಿಗೆ ಒಳಗೆ ಹೋಗಲು ದಾರಿಯೇ ಇಲ್ಲ. ಗಾರೆ ಒಣಗುತ್ತಾ ಕುಗ್ಗಿದಾಗ ಟೈಲ್ ಅದರಿಂದ ಬಿಟ್ಟುಕೊಂಡು ಬರಿದೇ ಕೂತಿರುತ್ತದೆ. ಟೈಲ್ ದೊಡ್ಡದಾದಷ್ಟೂ ಈ ಕಾಟ ಹೆಚ್ಚು. ಒಂದೆರಡು ಬೇಸಿಗೆ ಕಳೆಯುವುದರೊಳಗೆ ಬಡಿದರೆ ಟೊಳ್ಳು ಸದ್ದು ಬರುತ್ತದೆ, ಭಾರವಾದ ಪಾತ್ರೆ ಬಿದ್ದರೆ ಮೂಲೆ ಸೀಳುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಅನ್ನುವುದು ಇದಕ್ಕೇ.

ಟೈಲ್ ಅಡ್ಹೆಸಿವ್‌ನಲ್ಲೂ ಸಿಮೆಂಟ್ ಮತ್ತು ನುಣ್ಣನೆಯ ಮರಳೇ ಇರುವುದು. ಜೊತೆಗೆ ಪಾಲಿಮರ್ ಸೇರಿರುತ್ತದೆ. ಟೈಲ್ ನೀರು ಹೀರದಿದ್ದರೂ ಬೆನ್ನಿಗೆ ಅಂಟುವ ಗುಣ ಬರುವುದು ಅದರಿಂದಲೇ. ಕೊಳ್ಳುವಾಗ ಮೂಟೆಯ ಮೇಲೆ ಐಎಸ್ 15477 ಎಂಬ ಗುರುತು ನೋಡಿ, ಯಾವ ಟೈಪ್ ಎಂದು ಓದಿ. ಟೈಪ್ 1 ನೀರು ಹೀರುವ ಸಾಧಾರಣ ಸೆರಾಮಿಕ್‌ಗೆ ಸಾಕು. ನಿಮ್ಮ ಟೈಲ್ಸ್‌ಗೆ ಟೈಪ್ 2ಕ್ಕಿಂತ ಕೆಳಗಿನದು ಬೇಡ. ನಿಮ್ಮ ಅಳತೆಗೆ ಅದು ಆಗುತ್ತದೆ ಎಂದು ಮೂಟೆಯ ಮೇಲೆ ಬರೆದಿದೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಿ.

ಹಾಗಂತ ಗಾರೆಯನ್ನು ಹೀಗಳೆಯಬೇಡಿ. ದಪ್ಪ ಒಂದೇ ಸಮ ಇರದ ಕಡಪಾ ಕಲ್ಲು, ಶಹಾಬಾದ್ ಕಲ್ಲುಗಳಿಗೆ ಇವತ್ತಿಗೂ ಗಾರೆಯೇ ಸರಿ. ನಿಮ್ಮ ಹಾಲ್‌ನಲ್ಲೂ ಅದಕ್ಕೆ ಕೆಲಸವಿದೆ. ಮೊದಲು ಸಿಮೆಂಟ್-ಮರಳಿನ ಗಾರೆಯಿಂದ ನೆಲ ಮಟ್ಟ ಮಾಡಿಸಿ, ಒಂದು ವಾರ ನೀರುಣಿಸಿ, ಆಮೇಲೆ ಚೆನ್ನಾಗಿ ಒಣಗಲು ಬಿಡಿ. ಆರಡಿ ಉದ್ದದ ನೇರ ಪಟ್ಟಿ ಇಟ್ಟು ನೋಡಿದರೆ ಕೆಳಗೆ ಮೂರು ಮಿಲಿಮೀಟರಿಗಿಂತ ಹೆಚ್ಚು ಸಂದು ಕಾಣಬಾರದು. ಹಳ್ಳ ಮುಚ್ಚಲು ಅಡ್ಹೆಸಿವ್ ಸುರಿಯುವವರಿದ್ದಾರೆ. ಅತಿಯಾದರೆ ಅಮೃತವೂ ವಿಷ. ದಪ್ಪಗೆ ಬಿದ್ದ ಅಡ್ಹೆಸಿವ್ ಕುಗ್ಗಿ ಟೈಲ್ಸ್ ಏರುಪೇರಾಗುತ್ತದೆ.

ಎಷ್ಟು ಬೇಕು ಎಂಬ ಲೆಕ್ಕ ನೀವೇ ಹಾಕಬಹುದು. ಹಾಲ್ 12 ಅಡಿ-16 ಅಡಿ ಇದ್ದರೆ 192 ಚದರಡಿ, ಅಂದರೆ ಸುಮಾರು 18 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ದಪ್ಪಕ್ಕೆ ಹೆಚ್ಚುಕಡಿಮೆ ಒಂದೂವರೆ ಕೆಜಿ ಹಿಡಿಯುತ್ತದೆ. ದೊಡ್ಡ ಟೈಲ್ಸ್ ಕೆಳಗೆ 5 ಮಿಲಿಮೀಟರ್ ನಿಲ್ಲಬೇಕೆಂದರೆ 135 ಕೆಜಿ ಬೇಕು. 20 ಕೆಜಿಯ ಏಳು ಮೂಟೆ ಆಯಿತು, ಕೈತಪ್ಪಿಗೆ ಇನ್ನೊಂದು ಇರಲಿ. ಮೂರು ಮೂಟೆಯಲ್ಲಿ ಮುಗಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಹಿಗ್ಗಬೇಡಿ. ಒಂದೋ ನಾಲ್ಕು ಮೂಲೆಗೂ ನಡುವಿಗೂ ಮುದ್ದೆ ಇಟ್ಟು ಟೈಲ್ ಒತ್ತುತ್ತಾರೆ, ಇಲ್ಲವೇ ಅಡ್ಹೆಸಿವ್‌ಗೆ ಸಿಮೆಂಟ್, ಮರಳು ಬೆರೆಸುತ್ತಾರೆ. ಎರಡನ್ನೂ ಒಪ್ಪಬೇಡಿ. ಮುದ್ದೆಗಳ ನಡುವಿನ ಜಾಗ ಟೊಳ್ಳಾಗಿ ಉಳಿಯುತ್ತದೆ. ಸಿಮೆಂಟ್ ಬೆರೆಸಿದರೆ ನೀವು ದುಡ್ಡು ಕೊಟ್ಟ ಪಾಲಿಮರ್ ತೆಳುವಾಗಿ ಹೋಗುತ್ತದೆ.

ಕೂರಿಸುವ ಹೊತ್ತಿಗೆ ನೀವು ಅಲ್ಲೇ ಇರಿ. ಟೈಲ್ ಬೆನ್ನಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿಸಿ, ನೆನೆಹಾಕುವುದು ಬೇಡ. ನೆಲದ ಮೇಲೆ ಹಲ್ಲಿರುವ ಕರಣೆಯಿಂದ ಒಂದೇ ದಿಕ್ಕಿಗೆ ಗೆರೆ ಎಳೆಯಬೇಕು, ಟೈಲ್ ಬೆನ್ನಿಗೂ ತೆಳುವಾಗಿ ಸವರಬೇಕು. ಸವರಿದ ಇಪ್ಪತ್ತು ನಿಮಿಷದೊಳಗೆ ಟೈಲ್ ಕೂರಬೇಕು, ಬಿಸಿಲು-ಗಾಳಿ ಇದ್ದರೆ ಇನ್ನೂ ಬೇಗ. ಬೆರಳಿಗೆ ಅಂಟದಷ್ಟು ಕೆನೆಗಟ್ಟಿದ್ದರೆ ಅದನ್ನು ಕೆರೆದು ತೆಗೆಸಿ. ಬಕೆಟ್ಟಿನಲ್ಲಿ ಬಿಗಿದುಕೊಂಡದ್ದಕ್ಕೆ ಮತ್ತೆ ನೀರು ಹುಯ್ಯಲು ಬಿಡಬೇಡಿ. ಮೊದಲ ಒಂದೆರಡು ಟೈಲ್ ಕೂರಿಸಿದ ತಕ್ಷಣ ಒಂದನ್ನು ಎಬ್ಬಿಸಿ ತೋರಿಸಲು ಹೇಳಿ. ಬೆನ್ನಿನ ನೂರಕ್ಕೆ ಎಂಬತ್ತು ಪಾಲಾದರೂ ಅಡ್ಹೆಸಿವ್ ಹತ್ತಿರಬೇಕು, ಬಚ್ಚಲಿನಲ್ಲಿ ತೊಂಬತ್ತೈದು. ಸಾಲದಿದ್ದರೆ ಆಗಲೇ ತಿದ್ದಿಸಿಕೊಳ್ಳಿ.

ಸಂದೇ ಬೇಡ, ಟೈಲಿಗೆ ಟೈಲ್ ತಾಗಿರಲಿ ಎಂದು ಹಟ ಹಿಡಿಯಬೇಡಿ. ಬೇಸಿಗೆಯಲ್ಲಿ ನೆಲ ಹಿಗ್ಗುತ್ತದೆ. ಜಾಗ ಸಿಗದಿದ್ದರೆ ಟೈಲ್ಸ್ ಢಬ್ಬೆಂದು ಎದ್ದು ಗುಡಾರದ ಹಾಗೆ ನಿಲ್ಲುತ್ತವೆ. ಎರಡು-ಮೂರು ಮಿಲಿಮೀಟರ್ ಸ್ಪೇಸರ್ ಹಾಕಿಸಿ. ಗೋಡೆಯ ಬುಡದಲ್ಲೂ ಕಿರುಬೆರಳಷ್ಟು ಜಾಗ ಬಿಡಿಸಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ.

ಇನ್ನು ಬಚ್ಚಲು ಮತ್ತು ಪಾತ್ರೆ ತೊಳೆಯುವ ಜಾಗ. ಇಲ್ಲಿ ಟೈಲ್ ನೀರು ಕುಡಿಯದಿದ್ದರೂ ಸಂದು ಕುಡಿಯುತ್ತದೆ. ಬಿಳಿ ಸಿಮೆಂಟ್ ತುಂಬಿಸಿ ಕೈತೊಳೆದುಕೊಳ್ಳುವುದು ಹಳೆಯ ಚಾಳಿ. ಅದು ಬಿರಿಯುತ್ತದೆ, ಪುಡಿಯಾಗಿ ಉದುರುತ್ತದೆ, ಸೋಪಿನ ಜಿಡ್ಡು ಹೀರಿ ಕಪ್ಪಾಗುತ್ತದೆ. ಕಪ್ಪಾಯಿತೆಂದು ನೀವು ಆಸಿಡ್ ಹಾಕಿ ಉಜ್ಜುತ್ತೀರಿ, ಆಸಿಡ್ ಸಿಮೆಂಟನ್ನೇ ತಿಂದುಬಿಡುತ್ತದೆ. ಅಗ್ಗವೆಂದು ಮುಗ್ಗಿದ ಜೋಳ ಕೊಂಡ ಹಾಗಾಯಿತು.

ಹಾಲ್, ಮಲಗುವ ಕೋಣೆಗಳಿಗೆ ಪಾಲಿಮರ್ ಸೇರಿದ ಸಿಮೆಂಟ್ ಗ್ರೌಟ್ ಸಾಕು. ಬಚ್ಚಲಿಗೆ ಎಪಾಕ್ಸಿ ಗ್ರೌಟ್ ಹಾಕಿಸಿ. ಬೆಲೆ ಹೆಚ್ಚು ನಿಜ, ಆದರೆ ಅದು ನೀರು ಹೀರುವುದಿಲ್ಲ, ಕಲೆ ಹಿಡಿಯುವುದು ಕಡಿಮೆ. ಅದರಲ್ಲಿ ರೆಸಿನ್, ಹಾರ್ಡ್‌ನರ್, ಪುಡಿ ಎಂದು ಮೂರು ಭಾಗ ಬರುತ್ತದೆ. ಕಣ್ಣಂದಾಜಿನಲ್ಲಿ ಅರ್ಧರ್ಧ ಬೆರೆಸಬಾರದು, ಬಿಗಿಯದೆ ಜಿಗುಟಾಗಿ ಉಳಿಯುತ್ತದೆ. ಬೆರೆಸಿದ ಮೇಲೆ ಮುಕ್ಕಾಲು ಗಂಟೆಯೊಳಗೆ ಬಳಸಿ ಮುಗಿಸಬೇಕು. ಟೈಲ್ ಮೇಲೆ ಮೆತ್ತಿದ್ದನ್ನು ಹಸಿಯಾಗಿದ್ದಾಗಲೇ ಸ್ಪಂಜಿನಿಂದ ಒರೆಸಬೇಕು, ಒಣಗಿದರೆ ಮಂಜಿನಂಥ ಪೊರೆ ಕೂತುಬಿಡುತ್ತದೆ. ಬಿಸಿಲು ಬೀಳುವ ಬಾಲ್ಕನಿಗೆ ಬಿಳಿ ಎಪಾಕ್ಸಿ ಬೇಡ, ಹಳದಿಯಾಗುತ್ತದೆ.

ಗೋಡೆ-ನೆಲ ಕೂಡುವ ಮೂಲೆಗೆ ಯಾವ ಗ್ರೌಟೂ ನಿಲ್ಲದು. ಅವೆರಡೂ ಬೇರೆಬೇರೆಯಾಗಿ ಅಲುಗುವುದರಿಂದ ಅಲ್ಲಿಗೆ ಸಿಲಿಕೋನ್ ಸೀಲೆಂಟ್ ಹಾಕಿಸಿ. ಎಪಾಕ್ಸಿ ಇದೆಯಲ್ಲ ಎಂದು ವಾಟರ್‌ಪ್ರೂಫಿಂಗ್ ಬಿಟ್ಟೀರಿ ಮತ್ತೆ! ನೀರು ತಡೆಯುವ ಲೇಪ ಟೈಲಿನ ಕೆಳಗೇ ಇರಬೇಕು. ಲೇಪ ಒಣಗಿದ ಮೇಲೆ ಒಂದಿಡೀ ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಸೂರು ಒಣಗಿದ್ದರೆ ಮಾತ್ರ ಟೈಲ್ ಕೂರಿಸಿ. ಸೋರಿದ ಮೇಲೆ ಸಂದು ತುಂಬುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಟೈಲ್ ಕೂತು ಒಂದು ದಿನ ಕಳೆದ ಮೇಲೇ ಗ್ರೌಟ್ ಮಾಡಿಸಿ. ಅದಕ್ಕೂ ಮೊದಲು ಒಂದು ನಾಣ್ಯ ಹಿಡಿದು ಪ್ರತಿ ಟೈಲಿನ ನಾಲ್ಕು ಮೂಲೆ, ನಡು ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ತೆಗೆಸಿ ಮತ್ತೆ ಕೂರಿಸಿಕೊಳ್ಳಿ. ಕೊನೆಯ ಕಂತಿನ ಹಣ ಅದಾದ ಮೇಲೆಯೇ ಕೊಡಿ.